ಫೋನ್ ತಾಗಿಸಿದ ಕ್ಷಣದಿಂದ ಅನುಮೋದನೆ ಕಾಣುವವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫೋನಿನಲ್ಲಿ ಉಳಿಸಿಟ್ಟ ಕಾರ್ಡ್ ಬಳಸಿ, ಫೋನನ್ನು ಪಾವತಿ ಟರ್ಮಿನಲ್‌ಗೆ ತಾಗಿಸಿ ಹಣ ಕೊಡುವಾಗ ನಡೆಯುವ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ. ಉತ್ತರಗಳ ಉದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳಲಾಗಿದೆ: ವರ್ತಕರು ಟರ್ಮಿನಲ್‌ನಲ್ಲಿ 450.00 ಎಂಬ ಮೊತ್ತವನ್ನು ನಮೂದಿಸಿದ್ದಾರೆ, ಗ್ರಾಹಕರು ಬೆರಳಚ್ಚು ಅಥವಾ ಮುಖಚಹರೆಯಿಂದ ಫೋನಿನ ಬೀಗ ತೆರೆದು ಅದನ್ನು ಟರ್ಮಿನಲ್‌ನ ಹತ್ತಿರಕ್ಕೆ ತಂದಿದ್ದಾರೆ.

ಫೋನಿನ ಪರದೆಯ ಮೇಲೆ ಸರಿ ಗುರುತು ಮೂಡಿತು. ಪಾವತಿ ಆಯಿತೆಂದು ಅರ್ಥವೇ?

ಅಲ್ಲ. ಸರಿ ಗುರುತು ಕಾಣುವ ಹೊತ್ತಿಗೆ ಬ್ಯಾಂಕಿಗೆ ಈ ವ್ಯವಹಾರದ ಸುದ್ದಿ ಮುಟ್ಟಿಯೇ ಇರುವುದಿಲ್ಲ. ತಾನು ಕೊಡಬೇಕಾಗಿದ್ದ ಮಾಹಿತಿಯನ್ನು ಟರ್ಮಿನಲ್‌ಗೆ ಪೂರ್ತಿಯಾಗಿ ಕೊಟ್ಟಾಯಿತು ಎಂದಷ್ಟೇ ಫೋನ್ ಆ ಗುರುತಿನ ಮೂಲಕ ಹೇಳುತ್ತಿದೆ. ಸಹಿ ಮಾಡಿದ ಚೆಕ್ಕನ್ನು ಎದುರಿನವರ ಕೈಗೆ ಇಟ್ಟಂತೆ ಅದು; ಚೆಕ್ಕು ಪಾಸಾಗುವುದೋ ಇಲ್ಲವೋ ಎಂಬುದು ಬೇರೆಡೆ, ಬೇರೆಯವರು ತೀರ್ಮಾನಿಸುವ ವಿಷಯ.

ಟರ್ಮಿನಲ್‌ನ ಮೇಲೆ ಸಾಲಾಗಿ ಹೊತ್ತಿಕೊಳ್ಳುವ ನಾಲ್ಕು ದೀಪಗಳು ಮತ್ತು ಕೇಳಿಬರುವ ಬೀಪ್ ಸದ್ದಿಗೂ ಇದೇ ಅರ್ಥ. ಓದುವ ಕೆಲಸ ಮುಗಿಯಿತು, ಫೋನನ್ನು ತೆಗೆಯಬಹುದು ಎಂಬ ಸೂಚನೆ ಅದು. ಆ ಸದ್ದನ್ನು ಕೇಳಿದ ಕೂಡಲೇ ಸರಕನ್ನು ಕೈಗಿಡುವ ವರ್ತಕರೂ, ಆ ಸದ್ದನ್ನು ನಂಬಿ ಹೊರಟುಬಿಡುವ ಗ್ರಾಹಕರೂ ಬಹಳ ಮಂದಿ. ವ್ಯವಹಾರ ನಿಜಕ್ಕೂ ಅನುಮೋದನೆಯಾಯಿತೇ ಎಂದು ಹೇಳುವ ಅಧಿಕಾರವಿರುವುದು ಅದರ ನಂತರ ಟರ್ಮಿನಲ್‌ನ ಪರದೆಯ ಮೇಲೆ ಬರುವ ಉತ್ತರಕ್ಕೆ ಮಾತ್ರ.

ಹೀಗಾಗಿ ಆ ಕೆಲವು ಸೆಕೆಂಡುಗಳನ್ನು ಎರಡು ಭಾಗಗಳಾಗಿ ನೋಡಬೇಕು. ಮೊದಲನೆಯದು ಫೋನ್ ಮತ್ತು ಟರ್ಮಿನಲ್ ನಡುವಿನ ಮಾತುಕತೆ, ಅದು ಸಾಮಾನ್ಯವಾಗಿ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ. ಎರಡನೆಯದು ಟರ್ಮಿನಲ್ ಮತ್ತು ಕಾರ್ಡ್ ನೀಡಿದ ಬ್ಯಾಂಕ್ ನಡುವಿನದು. ಕಾಯುವಿಕೆಯ ಬಹುಪಾಲು ಇರುವುದು ಎರಡನೆಯ ಭಾಗದಲ್ಲಿ, ಮತ್ತು ಅದರಲ್ಲಿ ಫೋನಿಗೆ ಯಾವ ಪಾತ್ರವೂ ಇಲ್ಲ.

ಆ ಮೊದಲ ಅರ್ಧ ಸೆಕೆಂಡಿನಲ್ಲಿ ಫೋನ್ ಮತ್ತು ಟರ್ಮಿನಲ್ ಏನು ಮಾತನಾಡುತ್ತವೆ?

ಟರ್ಮಿನಲ್ 13.56 ಮೆಗಾಹರ್ಟ್ಸ್ ಆವರ್ತನದ ಕಾಂತಕ್ಷೇತ್ರವೊಂದನ್ನು ತನ್ನ ಸುತ್ತ ಹರಡಿಕೊಂಡಿರುತ್ತದೆ. ಅದರ ವ್ಯಾಪ್ತಿ ಕೆಲವೇ ಸೆಂಟಿಮೀಟರ್. ಫೋನಿನೊಳಗಿನ ಎನ್‌ಎಫ್‌ಸಿ ಆಂಟೆನಾ ಆ ಕ್ಷೇತ್ರದೊಳಗೆ ಬಂದಾಗ ಫೋನ್ ತಾನೊಂದು ಸಂಪರ್ಕರಹಿತ ಕಾರ್ಡ್ ಎಂಬಂತೆ ವರ್ತಿಸತೊಡಗುತ್ತದೆ. ಕೆಲವು ಫೋನುಗಳಲ್ಲಿ ಆಂಟೆನಾ ಮೇಲಿನ ಅಂಚಿನಲ್ಲಿ, ಇನ್ನು ಕೆಲವುಗಳಲ್ಲಿ ಹಿಂಬದಿಯ ನಡುವೆ ಇರುವುದರಿಂದ, ಒಬ್ಬರ ಫೋನ್ ಒಂದೇ ಬಾರಿಗೆ ಓದಿಸಿಕೊಂಡರೆ ಮತ್ತೊಬ್ಬರು ಅದನ್ನು ಆಚೀಚೆ ಸರಿಸಬೇಕಾಗುತ್ತದೆ.

ಮಾತುಕತೆಯಲ್ಲಿ ಕೇಳುವುದು ಯಾವಾಗಲೂ ಟರ್ಮಿನಲ್, ಉತ್ತರಿಸುವುದು ಫೋನ್. ಪಾವತಿಗೆ ಸಂಬಂಧಿಸಿದ ಮೊದಲ ಪ್ರಶ್ನೆ, ‘ನಿನ್ನಲ್ಲಿ ಯಾವ ಯಾವ ಪಾವತಿ ಕಾರ್ಡುಗಳಿವೆ?’ ಎಂಬುದು. ಅದು ಹೋಗುವುದು ಈ ರೂಪದಲ್ಲಿ:

```
00 A4 04 00 0E 32 50 41 59 2E 53 59 53 2E 44 44 46 30 31 00
```

ಇದರ ನಡುವಿನ ಹದಿನಾಲ್ಕು ಬೈಟುಗಳನ್ನು ಅಕ್ಷರಗಳಾಗಿ ಓದಿದರೆ `2PAY.SYS.DDF01` ಎಂದಾಗುತ್ತದೆ. ಸಂಪರ್ಕರಹಿತ ಪಾವತಿ ಕಾರ್ಡುಗಳೆಲ್ಲ ಓಗೊಡುವ ಸಾಮಾನ್ಯ ಹೆಸರು ಅದು. ಗ್ರಾಹಕರು ಆಯ್ದುಕೊಂಡಿರುವ ಕಾರ್ಡ್ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಯಾವ ಕಾರ್ಡ್ ಜಾಲಕ್ಕೆ ಸೇರಿದ್ದು ಎಂಬುದನ್ನು ಫೋನ್ ಉತ್ತರವಾಗಿ ತಿಳಿಸುತ್ತದೆ, ಟರ್ಮಿನಲ್ ಆ ಜಾಲದ ನಿಯಮಗಳಂತೆ ಮುಂದುವರಿಯುತ್ತದೆ.

ಮುಂದಿನ ಹೆಜ್ಜೆಯಲ್ಲಿ ಟರ್ಮಿನಲ್ ಈ ವ್ಯವಹಾರದ ವಿವರಗಳನ್ನು ಫೋನಿಗೆ ಕೊಡುತ್ತದೆ: ಮೊತ್ತ 450.00, ಯಾವ ದೇಶದ ಹಣ ಎಂಬ ಸಂಕೇತ, ದಿನಾಂಕ, ಮತ್ತು ಆ ಕ್ಷಣದಲ್ಲಿ ತಾನು ಹುಟ್ಟಿಸಿದ, ಯಾರೂ ಮುಂಚಿತವಾಗಿ ಊಹಿಸಲಾಗದ ನಾಲ್ಕು ಬೈಟುಗಳ ಒಂದು ಸಂಖ್ಯೆ. ಫೋನ್ ಇವೆಲ್ಲವನ್ನೂ ಸೇರಿಸಿ ಲೆಕ್ಕ ಹಾಕಿ ಎಂಟು ಬೈಟುಗಳ ಒಂದು ಉತ್ತರವನ್ನು ಹಿಂದಿರುಗಿಸುತ್ತದೆ. ಅದರ ಹೆಸರು ಕ್ರಿಪ್ಟೋಗ್ರಾಮ್. ಅದು ಟರ್ಮಿನಲ್ ಕೈಸೇರುತ್ತಲೇ ಬೀಪ್ ಸದ್ದು ಬರುತ್ತದೆ.

ವರ್ತಕರಿಗೆ ನನ್ನ ಕಾರ್ಡ್ ಸಂಖ್ಯೆ ಸಿಗುತ್ತದೆಯೇ?

ದೊಡ್ಡ ಮೊಬೈಲ್ ವಾಲೆಟ್‌ಗಳಲ್ಲಿ ಸಿಗುವುದಿಲ್ಲ. ಕಾರ್ಡನ್ನು ಫೋನಿಗೆ ಸೇರಿಸುವಾಗಲೇ ಕಾರ್ಡ್ ಜಾಲದ ಟೋಕನ್ ಸೇವೆಯು ಅದರ ಬದಲಿಗೆ ಬೇರೊಂದು ಸಂಖ್ಯೆಯನ್ನು ಕೊಟ್ಟಿರುತ್ತದೆ. ನೋಡಲು ಅದೂ ಕಾರ್ಡ್ ಸಂಖ್ಯೆಯಂತೆಯೇ ಇರುತ್ತದೆ, ಆದರೆ ಪ್ಲಾಸ್ಟಿಕ್ ಕಾರ್ಡಿನ ಮೇಲೆ ಅಚ್ಚಾದ ಸಂಖ್ಯೆಯಲ್ಲ. ಈ ಟೋಕನ್ ಆ ಒಂದು ಫೋನಿಗೆ ಮಾತ್ರ ಸಂಬಂಧಿಸಿದ್ದು. ಅದೇ ಕಾರ್ಡನ್ನು ಇನ್ನೊಂದು ಫೋನಿಗೆ ಸೇರಿಸಿದರೆ ಅದಕ್ಕೆ ಬೇರೆಯೇ ಟೋಕನ್ ಸಿಗುತ್ತದೆ.

ಇದರಿಂದ ಒಂದು ಸಣ್ಣ ಗೊಂದಲವೂ ಹುಟ್ಟುತ್ತದೆ. ರಸೀದಿಯಲ್ಲಿ ಮುದ್ರಿತವಾಗುವ ಕೊನೆಯ ನಾಲ್ಕು ಅಂಕಿಗಳು ಗ್ರಾಹಕರ ಕೈಯಲ್ಲಿರುವ ಕಾರ್ಡಿನ ಅಂಕಿಗಳೊಂದಿಗೆ ಹೊಂದದೇ ಇರಬಹುದು. ಸರಕನ್ನು ಹಿಂದಿರುಗಿಸಲು ಬಂದ ಗ್ರಾಹಕರ ಕಾರ್ಡನ್ನು ರಸೀದಿಯೊಂದಿಗೆ ತಾಳೆ ನೋಡುವ ವರ್ತಕರು ಇದನ್ನು ಮೋಸವೆಂದು ಭಾವಿಸಬಾರದು. ಟೋಕನ್‌ನ ಕೊನೆಯ ನಾಲ್ಕು ಅಂಕಿಗಳನ್ನು ಫೋನಿನ ವಾಲೆಟ್‌ನಲ್ಲಿ, ಆ ಕಾರ್ಡಿನ ವಿವರಗಳ ಪುಟದಲ್ಲಿ ನೋಡಬಹುದು.

ಗಾಳಿಯಲ್ಲಿ ಹೋಗುವ ಈ ಮಾಹಿತಿಯನ್ನು ಯಾರಾದರೂ ಕದ್ದು ಕೇಳಿ ಮತ್ತೆ ಬಳಸಬಹುದೇ?

ಕೇಳಿಸಿಕೊಳ್ಳಲು ಸಾಧ್ಯವಾದರೂ ಹಾಗೆಯೇ ಮತ್ತೆ ಬಳಸಿ ಪ್ರಯೋಜನವಿಲ್ಲ. ಕಾರಣ ಕ್ರಿಪ್ಟೋಗ್ರಾಮ್‌ನ ರಚನೆಯಲ್ಲಿದೆ. ಅದನ್ನು ಲೆಕ್ಕ ಹಾಕಲು ಬೇಕಾದ ರಹಸ್ಯ ಕೀಲಿ ಫೋನಿನಿಂದ ಹೊರಗೆ ಬರುವುದೇ ಇಲ್ಲ. ಲೆಕ್ಕದೊಳಗೆ ಮೊತ್ತ ಸೇರಿದೆ, ಆದ್ದರಿಂದ 450.00ಕ್ಕೆ ಹುಟ್ಟಿದ ಕ್ರಿಪ್ಟೋಗ್ರಾಮ್ 4500.00ಕ್ಕೆ ಹೊಂದುವುದಿಲ್ಲ. ಟರ್ಮಿನಲ್ ಕೊಟ್ಟ ಊಹಿಸಲಾಗದ ಸಂಖ್ಯೆ ಸೇರಿದೆ, ಆದ್ದರಿಂದ ನಾಳೆ ಇನ್ನೊಂದು ಟರ್ಮಿನಲ್ ಬೇರೆ ಸಂಖ್ಯೆ ಕೇಳಿದಾಗ ಹಳೆಯ ಉತ್ತರ ಸಲ್ಲುವುದಿಲ್ಲ. ಇವುಗಳ ಜೊತೆಗೆ ಪ್ರತಿ ವ್ಯವಹಾರಕ್ಕೂ ಒಂದೊಂದರಂತೆ ಏರುತ್ತ ಹೋಗುವ ಎಣಿಕೆಯೊಂದು ಇದೆ. ಒಮ್ಮೆ ಬಂದ ಎಣಿಕೆ ಮತ್ತೆ ಬಂದರೆ ಪರಿಶೀಲಿಸುವವರಿಗೆ ಅಲ್ಲಿಯೇ ಸಂಶಯ ಬರುತ್ತದೆ.

ಆದರೆ ಈ ವ್ಯವಸ್ಥೆಗೂ ಒಂದು ಮಿತಿಯಿದೆ. ಮಾಹಿತಿಯನ್ನು ಕೂಡಿಟ್ಟುಕೊಳ್ಳದೆ, ಒಂದು ಉಪಕರಣವನ್ನು ಕಾರ್ಡಿನ ಹತ್ತಿರವೂ ಇನ್ನೊಂದನ್ನು ದೂರದ ಟರ್ಮಿನಲ್‌ನ ಹತ್ತಿರವೂ ಇಟ್ಟು, ನಡುವಿನ ಮಾತುಕತೆಯನ್ನು ಆ ಕ್ಷಣದಲ್ಲೇ ದಾಟಿಸುವ ದಾಳಿಯನ್ನು ಕ್ರಿಪ್ಟೋಗ್ರಾಮ್ ಒಂದೇ ತಡೆಯಲಾರದು, ಏಕೆಂದರೆ ಅಲ್ಲಿ ಹುಟ್ಟುವ ಕ್ರಿಪ್ಟೋಗ್ರಾಮ್ ಅಸಲಿಯೇ ಆಗಿರುತ್ತದೆ. ಫೋನಿನ ವಿಷಯದಲ್ಲಿ ಇಲ್ಲಿ ನೆರವಿಗೆ ಬರುವುದು ಬೆರಳಚ್ಚು ಅಥವಾ ಮುಖಚಹರೆಯ ದೃಢೀಕರಣ. ಮಾಲೀಕರು ದೃಢಪಡಿಸದ ಹೊರತು ಫೋನ್ ಉತ್ತರಿಸದಂತೆ ಇದ್ದರೆ, ಜೇಬಿನಲ್ಲಿರುವ ಫೋನಿನಿಂದ ಉತ್ತರ ಹೊರಡಿಸುವುದು ಕಷ್ಟ. ದೃಢೀಕರಣವಿಲ್ಲದೆ ಪಾವತಿಸಲು ಬಿಡುವ ಸೌಲಭ್ಯವನ್ನು ಆನ್ ಮಾಡಿಕೊಂಡವರಿಗೆ ಈ ರಕ್ಷಣೆ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ.

ನನ್ನ ಫೋನಿನಲ್ಲಿ ಇಂಟರ್ನೆಟ್ ಇರಲಿಲ್ಲ. ಆದರೂ ಪಾವತಿ ಹೇಗೆ ನಡೆಯಿತು?

ಬ್ಯಾಂಕನ್ನು ಸಂಪರ್ಕಿಸುವ ಹೊಣೆ ಟರ್ಮಿನಲ್‌ನದು, ಫೋನಿನದಲ್ಲ. ಫೋನಿಗೆ ಬೇಕಾಗಿರುವುದು ಕ್ರಿಪ್ಟೋಗ್ರಾಮ್ ಲೆಕ್ಕ ಹಾಕುವ ಕೀಲಿ ಮಾತ್ರ. ಕೆಲವು ಫೋನುಗಳಲ್ಲಿ ಆ ಕೀಲಿ ಪ್ರತ್ಯೇಕವಾದ ಸುರಕ್ಷಿತ ಚಿಪ್ಪಿನೊಳಗೆ ಶಾಶ್ವತವಾಗಿ ಇರುತ್ತದೆ. ಇನ್ನು ಕೆಲವು ವಾಲೆಟ್‌ಗಳು ಚಿಪ್ಪಿನ ಬದಲು ತಂತ್ರಾಂಶದ ಮೂಲಕವೇ ಕಾರ್ಡಿನಂತೆ ವರ್ತಿಸುತ್ತವೆ. ಆಂಡ್ರಾಯ್ಡ್ 2013ರಲ್ಲಿ ಬಂದ ತನ್ನ 4.4 ಆವೃತ್ತಿಯಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟಿತು. ಅಂಥ ವಾಲೆಟ್‌ಗಳಿಗೆ ಸೀಮಿತ ಬಾರಿ ಅಥವಾ ಸೀಮಿತ ಅವಧಿಗೆ ಮಾತ್ರ ಸಲ್ಲುವ ಕೀಲಿಗಳನ್ನು ಕೊಡಲಾಗುತ್ತದೆ. ಅವು ಮುಗಿದ ಮೇಲೆ ಹೊಸದನ್ನು ತರಿಸಿಕೊಳ್ಳಲು ಇಂಟರ್ನೆಟ್ ಬೇಕು. ಬಹಳ ದಿನ ಆಫ್‌ಲೈನ್ ಆಗಿದ್ದ ಫೋನ್ ಒಮ್ಮೆಲೇ ಪಾವತಿ ಮಾಡಲು ನಿರಾಕರಿಸಿದರೆ ಇದು ಒಂದು ಕಾರಣವಾಗಿರಬಹುದು.

ಬೀಪ್ ಸದ್ದಿನ ನಂತರ ಟರ್ಮಿನಲ್ ಏನು ಮಾಡುತ್ತದೆ?

ಅದು ತನಗೆ ಸಿಕ್ಕಿದ್ದನ್ನೆಲ್ಲ ಒಂದು ಸಂದೇಶವಾಗಿ ಕಟ್ಟಿ ವರ್ತಕರ ಬ್ಯಾಂಕಿಗೆ, ಅಥವಾ ಆ ಬ್ಯಾಂಕಿನ ಪರವಾಗಿ ಕೆಲಸ ಮಾಡುವ ಸಂಸ್ಥೆಗೆ ಕಳುಹಿಸುತ್ತದೆ. ಕಾರ್ಡ್ ಜಗತ್ತಿನಲ್ಲಿ ಇಂಥ ಸಂದೇಶಗಳಿಗೆ ಐಎಸ್‌ಒ 8583 ಎಂಬ ಮಾನದಂಡವಿದೆ. ಟರ್ಮಿನಲ್‌ನಿಂದ ಮೊದಲ ಹಂತದವರೆಗೆ ಬೇರೆ ರೂಪವೂ ಇರಬಹುದು, ಆದರೆ ಜಾಲಗಳ ನಡುವೆ ಹೋಗುವಾಗ ಸಾಮಾನ್ಯವಾಗಿ ಈ ರೂಪವೇ. ನಮ್ಮ ಉದಾಹರಣೆಯ ಪ್ರಶ್ನೆ ಮತ್ತು ಉತ್ತರಗಳಲ್ಲಿ ಮುಖ್ಯವಾದ ಕೆಲವು ಅಂಶಗಳನ್ನಷ್ಟೇ ಆಯ್ದರೆ ಹೀಗಿರುತ್ತವೆ:

```
0100
   4: 000000045000
  11: 004217
  22: 071
  55: 9F26 9F36 9F37 ...

0110
  11: 004217
  38: 731940
  39: 00
```

0100 ಎಂದರೆ ಅನುಮೋದನೆಯ ಕೋರಿಕೆ, 0110 ಎಂದರೆ ಅದರ ಉತ್ತರ. ನಾಲ್ಕನೆಯ ಅಂಶವು ಮೊತ್ತ. ಹನ್ನೆರಡು ಅಂಕಿಗಳಲ್ಲಿ, ದಶಮಾಂಶ ಬಿಂದುವಿಲ್ಲದೆ ಬರೆದಿರುವುದರಿಂದ 450.00 ಹೀಗೆ ಕಾಣುತ್ತದೆ. ಹನ್ನೊಂದನೆಯದು ಆ ವ್ಯವಹಾರದ ಕ್ರಮಸಂಖ್ಯೆ, ಉತ್ತರ ಬಂದಾಗ ಯಾವ ಪ್ರಶ್ನೆಗೆ ಬಂದದ್ದು ಎಂದು ಗುರುತಿಸಲು ನೆರವಾಗುತ್ತದೆ. ಇಪ್ಪತ್ತೆರಡನೆಯದರ ಆರಂಭದ 07, ಮಾಹಿತಿಯು ಚಿಪ್ ಕಾರ್ಡಿನ ನಿಯಮಗಳಂತೆ ಸಂಪರ್ಕರಹಿತವಾಗಿ ಬಂದಿದೆ ಎಂದು ಹೇಳುತ್ತದೆ. ಐವತ್ತೈದನೆಯ ಅಂಶದಲ್ಲಿ ಫೋನ್ ಕೊಟ್ಟ ಕ್ರಿಪ್ಟೋಗ್ರಾಮ್, ಏರುವ ಎಣಿಕೆ, ಟರ್ಮಿನಲ್‌ನ ಊಹಿಸಲಾಗದ ಸಂಖ್ಯೆ ಮೊದಲಾದವು ಇರುತ್ತವೆ. ಟರ್ಮಿನಲ್‌ಗೆ ಕ್ರಿಪ್ಟೋಗ್ರಾಮ್ ಸರಿಯೋ ತಪ್ಪೋ ಎಂದು ನೋಡುವ ಸಾಮರ್ಥ್ಯವಿಲ್ಲ, ಏಕೆಂದರೆ ಅದರ ಬಳಿ ಆ ಕೀಲಿ ಇಲ್ಲ. ಅದು ಕೇವಲ ಸಾಗಿಸುತ್ತದೆ.

ಸಂದೇಶ ಎಷ್ಟು ಕಡೆ ನಿಲ್ಲುತ್ತದೆ? ನಿರ್ಧಾರ ಯಾರದು?

ವರ್ತಕರ ಬ್ಯಾಂಕ್ ಟೋಕನ್‌ನ ಆರಂಭದ ಅಂಕಿಗಳನ್ನು ನೋಡಿ ಅದು ಯಾವ ಕಾರ್ಡ್ ಜಾಲಕ್ಕೆ ಸೇರಿದ್ದು ಎಂದು ತಿಳಿದು, ಸಂದೇಶವನ್ನು ಆ ಜಾಲಕ್ಕೆ ಒಪ್ಪಿಸುತ್ತದೆ. ಫೋನ್ ಪಾವತಿಯಲ್ಲಿ ಅತ್ಯಂತ ಸ್ವಾರಸ್ಯದ ಕೆಲಸ ನಡೆಯುವುದು ಇಲ್ಲಿ. ಜಾಲದ ಟೋಕನ್ ಸೇವೆಯು ಮೊದಲು ಕ್ರಿಪ್ಟೋಗ್ರಾಮ್ ಅನ್ನು ಪರೀಕ್ಷಿಸುತ್ತದೆ: ಅದೇ ಕೀಲಿ, ಅದೇ ಮೊತ್ತ, ಅದೇ ಎಣಿಕೆಗಳನ್ನು ಬಳಸಿ ತಾನೂ ಲೆಕ್ಕ ಹಾಕಿ, ಬಂದ ಎಂಟು ಬೈಟುಗಳೊಂದಿಗೆ ಹೋಲಿಸುತ್ತದೆ. ಈ ಟೋಕನ್ ಇಂಥ ಬಗೆಯ ವ್ಯವಹಾರಕ್ಕೆ ಸಲ್ಲುತ್ತದೆಯೇ ಎಂದೂ ನೋಡುತ್ತದೆ. ತಾಗಿಸಿ ಪಾವತಿಸಲು ಕೊಟ್ಟ ಟೋಕನ್ ಸಂಖ್ಯೆಯನ್ನು ಕದ್ದವರು ಅದನ್ನು ಜಾಲತಾಣವೊಂದರಲ್ಲಿ ಟೈಪು ಮಾಡಿದರೆ ಅದು ಇಲ್ಲಿಯೇ ಬಿದ್ದುಹೋಗುತ್ತದೆ. ಎಲ್ಲ ಸರಿಯಿದ್ದರೆ ಟೋಕನ್‌ಗೆ ಸಂಬಂಧಿಸಿದ ನಿಜವಾದ ಕಾರ್ಡ್ ಸಂಖ್ಯೆಯನ್ನು ಜೋಡಿಸಿ, ಪರೀಕ್ಷೆಯ ಫಲಿತಾಂಶದೊಂದಿಗೆ ಕಾರ್ಡ್ ನೀಡಿದ ಬ್ಯಾಂಕಿಗೆ ಕಳುಹಿಸುತ್ತದೆ.

ಅಂತಿಮ ನಿರ್ಧಾರ ಆ ಬ್ಯಾಂಕಿನದು. ಕಾರ್ಡ್ ಚಾಲ್ತಿಯಲ್ಲಿದೆಯೇ, 450.00ಕ್ಕೆ ಸಾಕಾಗುವಷ್ಟು ಹಣ ಅಥವಾ ಸಾಲದ ಮಿತಿ ಉಳಿದಿದೆಯೇ, ಗ್ರಾಹಕರ ಎಂದಿನ ವ್ಯವಹಾರಗಳಿಗೆ ಹೋಲಿಸಿದರೆ ಇದು ಅನುಮಾನಾಸ್ಪದವಾಗಿದೆಯೇ ಎಂಬುದನ್ನು ಅದರ ಗಣಕಗಳು ತೂಗಿ ನೋಡುತ್ತವೆ. ಒಪ್ಪಿದರೆ ಅಷ್ಟು ಮೊತ್ತವನ್ನು ತೆಗೆದಿರಿಸಿ, ಆರು ಅಕ್ಷರಗಳ ಅನುಮೋದನಾ ಸಂಖ್ಯೆಯನ್ನು ಕೊಡುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು 731940. ಉತ್ತರದ ಮೂವತ್ತೊಂಬತ್ತನೆಯ ಅಂಶದಲ್ಲಿರುವ ಎರಡಕ್ಷರ ಇಡೀ ಪ್ರಯಾಣದ ಫಲ. 00 ಎಂದರೆ ಒಪ್ಪಿಗೆ. 51 ಎಂದರೆ ಹಣ ಸಾಲದು. 54 ಎಂದರೆ ಕಾರ್ಡಿನ ಅವಧಿ ಮುಗಿದಿದೆ. 91 ಎಂದರೆ ಕಾರ್ಡ್ ನೀಡಿದ ಬ್ಯಾಂಕ್ ಉತ್ತರಿಸುವ ಸ್ಥಿತಿಯಲ್ಲಿಲ್ಲ. ಇವುಗಳಲ್ಲಿ ಎಲ್ಲರಿಗೂ ಸಿಟ್ಟು ತರಿಸುವುದು 05: ಒಪ್ಪಲಾಗದು ಎಂದಷ್ಟೇ ಹೇಳುತ್ತದೆ, ಏಕೆಂದು ಹೇಳುವುದಿಲ್ಲ. ಅದು ಬಂದಾಗ ವರ್ತಕರನ್ನು ಕೇಳಿ ಪ್ರಯೋಜನವಿಲ್ಲ, ಅವರಿಗೂ ಅಷ್ಟೇ ಗೊತ್ತು. ಕಾರ್ಡ್ ನೀಡಿದ ಬ್ಯಾಂಕನ್ನೇ ಕೇಳಬೇಕು.

ಬ್ಯಾಂಕಿನ ಗಣಕ ಸಕಾಲದಲ್ಲಿ ಉತ್ತರಿಸದಿದ್ದರೆ, ಬ್ಯಾಂಕ್ ಮೊದಲೇ ಒಪ್ಪಿಕೊಟ್ಟ ಮಿತಿಗಳೊಳಗೆ ಕಾರ್ಡ್ ಜಾಲವೇ ಅದರ ಪರವಾಗಿ ಉತ್ತರಿಸುವ ವ್ಯವಸ್ಥೆಯೂ ಇದೆ. ಗ್ರಾಹಕರಿಗೂ ವರ್ತಕರಿಗೂ ಈ ಬದಲಿ ಉತ್ತರ ಮತ್ತು ಅಸಲು ಉತ್ತರದ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ.

ಒಮ್ಮೆ ಒಂದೇ ಸೆಕೆಂಡ್, ಇನ್ನೊಮ್ಮೆ ಹತ್ತು ಸೆಕೆಂಡ್. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಬ್ಯಾಂಕ್ ದೂರದ ದೇಶದಲ್ಲಿರುವುದರಿಂದ ಎಂದು ಅನೇಕರು ಊಹಿಸುತ್ತಾರೆ. ದೂರದ ಪಾಲು ಅಷ್ಟೇನೂ ದೊಡ್ಡದಲ್ಲ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, 10,000 ಕಿಲೋಮೀಟರ್ ಉದ್ದದ ತಂತುವಿನಲ್ಲಿ ಹೋಗಿ ಬರಲು ಹಿಡಿಯುವ ಕಾಲ ಸೆಕೆಂಡಿನ ಹತ್ತನೆಯ ಒಂದು ಭಾಗ ಮಾತ್ರ. ದಾರಿಯ ಸುತ್ತುಬಳಸು ಮತ್ತು ನಡುವಿನ ಉಪಕರಣಗಳು ಅದನ್ನು ಹೆಚ್ಚಿಸಿದರೂ ಹತ್ತು ಸೆಕೆಂಡಿಗೆ ಅದು ಕಾರಣವಾಗಲಾರದು.

ಹೆಚ್ಚಿನ ಸಂದರ್ಭಗಳಲ್ಲಿ ನಿಧಾನವಾಗಿರುವುದು ಟರ್ಮಿನಲ್‌ನ ಪಕ್ಕದಲ್ಲೇ ಇರುವ ಮೊದಲ ತುಣುಕು, ಅಂದರೆ ಅದರ ಮೊಬೈಲ್ ಸಿಮ್ ಅಥವಾ ವೈಫೈ ಸಂಪರ್ಕ. ಸುಮ್ಮನಿದ್ದ ಟರ್ಮಿನಲ್‌ನ ರೇಡಿಯೋ ಮೊದಲು ಎಚ್ಚರಗೊಳ್ಳಬೇಕು. ಹಳೆಯ ಸಂಪರ್ಕ ಮುಚ್ಚಿಹೋಗಿದ್ದರೆ ಹೊಸದನ್ನು ತೆರೆಯಬೇಕು, ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಕೀಲಿಗಳ ಬಗ್ಗೆ ಎರಡೂ ಕಡೆಯವರು ಒಪ್ಪಂದಕ್ಕೆ ಬರಬೇಕು, ಅದಕ್ಕೆ ಕೆಲವು ಸುತ್ತು ಸಂದೇಶಗಳು ಹೋಗಿ ಬರಬೇಕು. ಸಿಗ್ನಲ್ ದುರ್ಬಲವಾಗಿದ್ದು ಮಾಹಿತಿಯ ಒಂದೆರಡು ಪೊಟ್ಟಣಗಳು ಕಳೆದುಹೋದರೆ ಪ್ರತಿ ಬಾರಿಯೂ ಕಾದು ಮತ್ತೆ ಕಳುಹಿಸಬೇಕು. ಸಂಪರ್ಕವನ್ನು ಮುಚ್ಚದೆ ತೆರೆದೇ ಇಟ್ಟುಕೊಳ್ಳುವ ಟರ್ಮಿನಲ್‌ಗಳು ಚುರುಕಾಗಿ ಕಾಣುವುದು ಈ ಕಾರಣಕ್ಕೆ.

ಇದನ್ನು ವರ್ತಕರು ಸುಲಭವಾಗಿ ಪತ್ತೆ ಹಚ್ಚಬಹುದು. ಬೇರೆ ಬೇರೆ ಬ್ಯಾಂಕುಗಳ ಎಲ್ಲ ಕಾರ್ಡುಗಳೂ ನಿಧಾನವಾಗಿದ್ದರೆ ತೊಂದರೆ ಟರ್ಮಿನಲ್‌ನ ಸಂಪರ್ಕದಲ್ಲಿ ಅಥವಾ ತಮ್ಮದೇ ಬ್ಯಾಂಕಿನ ಕಡೆ ಇದೆ. ಒಂದೇ ಬ್ಯಾಂಕಿನ ಕಾರ್ಡುಗಳು ಮಾತ್ರ ಎಳೆದಾಡುತ್ತಿದ್ದರೆ ತೊಂದರೆ ಆ ಬ್ಯಾಂಕಿನ ಕಡೆ ಇದೆ. ಬಿಡುವಿನ ನಂತರದ ಮೊದಲ ವ್ಯವಹಾರ ಮಾತ್ರ ನಿಧಾನವಾಗಿ, ಬೆನ್ನಿಗೇ ಬಂದವು ಬೇಗ ಮುಗಿದರೆ ಸಂಪರ್ಕವನ್ನು ಹೊಸದಾಗಿ ತೆರೆಯುವ ಹೊತ್ತೇ ಕಾರಣವೆಂದು ಬಹುಮಟ್ಟಿಗೆ ಹೇಳಬಹುದು.

ಟರ್ಮಿನಲ್ ‘ವಿಫಲ’ ಎಂದಿತು, ಆದರೆ ಖಾತೆಯಲ್ಲಿ 450.00 ಕಡಿಮೆಯಾಗಿದೆ. ಹೀಗೇಕೆ?

ಪ್ರಶ್ನೆ ಬ್ಯಾಂಕನ್ನು ತಲುಪಿ, ಉತ್ತರ ಹಿಂದಿರುಗುವಾಗ ದಾರಿಯಲ್ಲಿ ಕಳೆದುಹೋದರೆ ಹೀಗಾಗುತ್ತದೆ. ಟರ್ಮಿನಲ್‌ನ ದೃಷ್ಟಿಯಿಂದ ನೋಡೋಣ. ಅದು 0100 ಸಂದೇಶವನ್ನು ಕಳುಹಿಸಿ, ನಿಗದಿತ ಅವಧಿಯವರೆಗೆ ಕಾಯುತ್ತದೆ. ಅವಧಿ ಮುಗಿದರೂ ಉತ್ತರವಿಲ್ಲ. ಪ್ರಶ್ನೆಯೇ ತಲುಪಲಿಲ್ಲವೋ, ತಲುಪಿ ಬ್ಯಾಂಕ್ ನಿರಾಕರಿಸಿತೋ, ಒಪ್ಪಿ 450.00 ತೆಗೆದಿರಿಸಿದ ಮೇಲೆ ಉತ್ತರ ಮಾತ್ರ ಕಳೆದುಹೋಯಿತೋ ಎಂಬುದನ್ನು ತಿಳಿಯಲು ಟರ್ಮಿನಲ್‌ಗೆ ಯಾವ ದಾರಿಯೂ ಇಲ್ಲ. ಮೂರೂ ಸಂದರ್ಭಗಳು ಅದಕ್ಕೆ ಒಂದೇ ರೀತಿಯ ಮೌನವಾಗಿ ಕಾಣುತ್ತವೆ.

ಆದ್ದರಿಂದ ಅದು ಅತ್ಯಂತ ಜಾಗರೂಕವಾದ ದಾರಿಯನ್ನು ಹಿಡಿಯುತ್ತದೆ: ವರ್ತಕರಿಗೆ ವ್ಯವಹಾರ ವಿಫಲವಾಯಿತೆಂದು ತೋರಿಸಿ, ‘ಕ್ರಮಸಂಖ್ಯೆ 004217ರ ವ್ಯವಹಾರ ನಡೆದಿದ್ದರೆ ಅದನ್ನು ರದ್ದುಮಾಡಿ’ ಎಂಬ ಅರ್ಥದ ಇನ್ನೊಂದು ಸಂದೇಶವನ್ನು ಕಳುಹಿಸುತ್ತದೆ. ಇದನ್ನು ರಿವರ್ಸಲ್ ಎನ್ನುತ್ತಾರೆ. ಇದರ ಸಂದೇಶ ಸಂಖ್ಯೆ 0400 ಅಥವಾ 0420. ಸಂಪರ್ಕವೇ ಕಡಿದುಹೋಗಿದ್ದರೆ ರಿವರ್ಸಲ್ ಕೂಡ ಆ ಕ್ಷಣದಲ್ಲಿ ಹೋಗಲಾರದು. ಆಗ ಟರ್ಮಿನಲ್ ಅದನ್ನು ತನ್ನ ನೆನಪಿನಲ್ಲಿಟ್ಟುಕೊಂಡು, ಸಂಪರ್ಕ ಮರಳಿದ ಮೇಲೆ, ತಲುಪಿತೆಂಬ ಉತ್ತರ ಸಿಗುವವರೆಗೆ ಮತ್ತೆ ಮತ್ತೆ ಕಳುಹಿಸುತ್ತದೆ.

ರಿವರ್ಸಲ್ ಬ್ಯಾಂಕನ್ನು ತಲುಪಿದರೆ ತೆಗೆದಿರಿಸಿದ ಮೊತ್ತ ಬಿಡುಗಡೆಯಾಗುತ್ತದೆ, ಅನೇಕ ಬಾರಿ ಗ್ರಾಹಕರು ಗಮನಿಸುವ ಮೊದಲೇ. ಟರ್ಮಿನಲ್ ಅಷ್ಟರಲ್ಲಿ ಕೆಟ್ಟಿದ್ದರೆ ಅಥವಾ ಅದನ್ನು ಆರಿಸಿ ಇಟ್ಟುಬಿಟ್ಟಿದ್ದರೆ ರಿವರ್ಸಲ್ ತಡವಾಗುತ್ತದೆ. ಅಂಥ ಮೊತ್ತವೂ ಕಾಯಂ ಆಗಿ ಹೋಗುವುದಿಲ್ಲ: ವರ್ತಕರು ಆ ವ್ಯವಹಾರದ ಹಣವನ್ನು ಕೇಳದೇ ಇದ್ದರೆ ಬ್ಯಾಂಕ್ ತನ್ನ ನಿಯಮದಂತೆ ಕೆಲವು ದಿನಗಳ ನಂತರ ಅದನ್ನು ತಾನಾಗಿ ಬಿಡುತ್ತದೆ. ಆದರೆ ಆ ದಿನಗಳಲ್ಲಿ ಖಾತೆಯಲ್ಲಿ ಹಣವಿದ್ದೂ ಬಳಸಲಾಗದ ಸ್ಥಿತಿ ಇರುತ್ತದೆ. ನೆಟ್‌ವರ್ಕ್ ಕಡಿದಾಗ ವರ್ತಕರು ಟರ್ಮಿನಲ್ ಅನ್ನು ಆರಿಸದೆ, ಸಂಪರ್ಕ ಮರಳುವವರೆಗೆ ಚಾಲೂ ಇಡುವುದು ಗ್ರಾಹಕರಿಗೆ ಮಾಡುವ ದೊಡ್ಡ ಉಪಕಾರ. ಈ ಮಾತನ್ನು ಟರ್ಮಿನಲ್ ಕೊಡುವವರು ಇನ್ನೂ ದೊಡ್ಡ ಅಕ್ಷರಗಳಲ್ಲಿ ಹೇಳಬೇಕಿತ್ತು.

ವಿಫಲವಾದ ಮೇಲೆ ಮತ್ತೆ ತಾಗಿಸಬಹುದೇ? ಎರಡು ಬಾರಿ ಹಣ ಹೋಗುವುದಿಲ್ಲವೇ?

ಯಾವ ಹಂತದಲ್ಲಿ ವಿಫಲವಾಯಿತು ಎಂಬುದನ್ನು ಮೊದಲು ನೋಡಬೇಕು. ಬೀಪ್ ಸದ್ದು ಬರುವ ಮೊದಲೇ ಟರ್ಮಿನಲ್ ಮತ್ತೆ ತಾಗಿಸಲು ಹೇಳಿದರೆ ಯಾವ ಅಳುಕೂ ಬೇಡ. ಫೋನನ್ನು ಬೇಗ ತೆಗೆದದ್ದು, ಫೋನಿನ ಕವಚದೊಳಗೆ ಇನ್ನೊಂದು ಕಾರ್ಡ್ ಇದ್ದು ಎರಡೂ ಒಟ್ಟಿಗೆ ಉತ್ತರಿಸಿದ್ದು, ಫೋನಿನ ಬೀಗ ತೆರೆಯದೇ ಇದ್ದದ್ದು ಇವುಗಳಲ್ಲಿ ಒಂದು ಕಾರಣವಿರುತ್ತದೆ. ಸಂದೇಶ ಟರ್ಮಿನಲ್‌ನಿಂದ ಹೊರಟೇ ಇಲ್ಲದಿರುವುದರಿಂದ ಬ್ಯಾಂಕಿಗೆ ಏನೂ ತಿಳಿದಿರುವುದಿಲ್ಲ.

ಬೀಪ್ ಬಂದು, ಕಾದು, ನಂತರ ಬ್ಯಾಂಕ್ ಸ್ಪಷ್ಟವಾಗಿ ನಿರಾಕರಿಸಿದ್ದರೆ ಆಗಲೂ ಹಣ ಹೋಗಿಲ್ಲ. ಎಚ್ಚರ ಬೇಕಾಗಿರುವುದು ಉತ್ತರವೇ ಬರದೆ ಅವಧಿ ಮುಗಿದ ಸಂದರ್ಭದಲ್ಲಿ. ಆಗ ಮತ್ತೆ ತಾಗಿಸಿದರೆ ಏರುವ ಎಣಿಕೆ ಬೇರೆ, ಕ್ರಿಪ್ಟೋಗ್ರಾಮ್ ಬೇರೆ, ಕ್ರಮಸಂಖ್ಯೆಯೂ ಬೇರೆ. ಬ್ಯಾಂಕಿಗೆ ಅದು ಹೊಸದೇ ಆದ ವ್ಯವಹಾರ, ಅದನ್ನು ಒಪ್ಪಿಬಿಡುವುದು ಸಂಪೂರ್ಣ ಸಾಧ್ಯ. ಮೊದಲನೆಯದರ ರಿವರ್ಸಲ್ ತಲುಪುವವರೆಗೆ ಗ್ರಾಹಕರ ಖಾತೆಯಲ್ಲಿ 450.00 ಎರಡು ಬಾರಿ ತೆಗೆದಿರಿಸಿದಂತೆ ಕಾಣುತ್ತದೆ. ಒಂದೇ ಕ್ರಿಪ್ಟೋಗ್ರಾಮ್ ಎರಡು ಬಾರಿ ಸಲ್ಲದು ಎಂಬ ರಕ್ಷಣೆ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಇವು ನಿಜವಾಗಿಯೂ ಎರಡು ಬೇರೆ ಕ್ರಿಪ್ಟೋಗ್ರಾಮ್‌ಗಳು.

ಅಂಥ ಹೊತ್ತಿನಲ್ಲಿ ವರ್ತಕರು ಮೊದಲು ಟರ್ಮಿನಲ್‌ನಲ್ಲಿ ಕೊನೆಯ ವ್ಯವಹಾರದ ಸ್ಥಿತಿಯನ್ನು ನೋಡುವುದು, ಅಥವಾ ಅದರ ರಸೀದಿಯನ್ನು ಮರುಮುದ್ರಿಸುವುದು ಒಳ್ಳೆಯದು. ಅದರಲ್ಲಿ ಅನುಮೋದನಾ ಸಂಖ್ಯೆ ಇದ್ದರೆ ಪಾವತಿ ಆಗಿದೆ, ಮತ್ತೆ ಕೇಳುವಂತಿಲ್ಲ. ಆ ಸಂಖ್ಯೆ ಇಲ್ಲದಿದ್ದರೆ ವರ್ತಕರಿಗೆ ಹಣ ಬರುವುದಿಲ್ಲ, ಹೀಗಾಗಿ ಅವರು ಮತ್ತೊಮ್ಮೆ ಕೇಳುವುದು ನ್ಯಾಯವೇ. ಗ್ರಾಹಕರು ಮಾತ್ರ ಆ ವಿಫಲ ರಸೀದಿಯನ್ನು ಕೇಳಿ ಪಡೆದುಕೊಳ್ಳಬೇಕು: ಅದರ ಮೇಲಿನ ಸಮಯ ಮತ್ತು ಹನ್ನೆರಡು ಅಕ್ಷರಗಳ ಉಲ್ಲೇಖ ಸಂಖ್ಯೆಯಿಂದ ಬ್ಯಾಂಕ್ ಮೊದಲ ವ್ಯವಹಾರವನ್ನು ಹುಡುಕಬಲ್ಲದು.

ನನ್ನ ಫೋನಿಗೆ ಕೂಡಲೇ ಸಂದೇಶ ಬಂದಿತು. ಅದು ಟರ್ಮಿನಲ್‌ನಿಂದ ಬಂದ ಉತ್ತರವೇ?

ಅಲ್ಲ. ಫೋನನ್ನು ಟರ್ಮಿನಲ್‌ನಿಂದ ದೂರ ತೆಗೆದ ಮೇಲೆ ಅವೆರಡರ ನಡುವಿನ ಸಂಪರ್ಕ ಮುಗಿದುಹೋಗಿರುತ್ತದೆ. ಬ್ಯಾಂಕಿನ ಉತ್ತರ ಟರ್ಮಿನಲ್ ತಲುಪುವಾಗ ಫೋನ್ ಅಲ್ಲಿ ಇರುವುದಿಲ್ಲ. ಫೋನಿಗೆ ಬರುವ ಸೂಚನೆಯು ಕಾರ್ಡ್ ಜಾಲ ಅಥವಾ ಬ್ಯಾಂಕಿನಿಂದ ಇಂಟರ್ನೆಟ್ ಇಲ್ಲವೇ ಎಸ್‌ಎಂಎಸ್ ಮೂಲಕ ಪ್ರತ್ಯೇಕ ದಾರಿಯಲ್ಲಿ ಬರುತ್ತದೆ. ಆದ್ದರಿಂದ ಅದು ಟರ್ಮಿನಲ್‌ನ ಉತ್ತರಕ್ಕಿಂತ ಮೊದಲೂ ಬರಬಹುದು, ಬಹಳ ತಡವಾಗಿಯೂ ಬರಬಹುದು. ಟರ್ಮಿನಲ್ ವಿಫಲವೆಂದಾಗ ಗ್ರಾಹಕರು ಫೋನಿನ ಸಂದೇಶವನ್ನು ತೋರಿಸುವುದೂ, ವರ್ತಕರು ನಂಬದಿರುವುದೂ ಇಲ್ಲಿಂದ ಹುಟ್ಟುವ ಜಗಳ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು: ಬ್ಯಾಂಕ್ ಒಪ್ಪಿದ್ದು ನಿಜ, ಆ ಒಪ್ಪಿಗೆ ವರ್ತಕರನ್ನು ತಲುಪದೇ ಇದ್ದದ್ದೂ ನಿಜ.

ಅನುಮೋದನೆ ಕಂಡ ಕ್ಷಣದಲ್ಲಿ ವರ್ತಕರ ಖಾತೆಗೆ ಹಣ ಬಂದಿರುತ್ತದೆಯೇ?

ಸಾಮಾನ್ಯ ಕಾರ್ಡ್ ವ್ಯವಹಾರದಲ್ಲಿ ಇಲ್ಲ. ಕಾರ್ಡ್ ನೀಡಿದ ಬ್ಯಾಂಕ್ 450.00 ಕೊಡಲು ಒಪ್ಪಿದೆ ಎಂಬುದಷ್ಟೇ ಆಗ ಸಿದ್ಧವಾದ ಸಂಗತಿ. ದಿನದ ವ್ಯವಹಾರಗಳೆಲ್ಲ ಒಟ್ಟಾಗಿ ವರ್ತಕರ ಬ್ಯಾಂಕಿನ ಮೂಲಕ ಕಾರ್ಡ್ ಜಾಲಕ್ಕೆ ಹೋಗಿ, ಯಾವ ಬ್ಯಾಂಕ್ ಯಾರಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕವಾಗಿ, ಶುಲ್ಕ ಕಳೆದು ಹಣ ಬರುವುದು ನಂತರ, ಸಾಮಾನ್ಯವಾಗಿ ಒಂದೆರಡು ಕೆಲಸದ ದಿನಗಳಲ್ಲಿ. ಗ್ರಾಹಕರ ಖಾತೆಯ ವಿವರದಲ್ಲಿ ವ್ಯವಹಾರ ಕೆಲ ಕಾಲ ‘ಬಾಕಿ’ ಎಂದು ಕಾಣುವುದು ಇದಕ್ಕಾಗಿ.

ಪ್ರಯಾಣದ ಗೇಟುಗಳು ಫೋನ್ ತಾಗಿಸಿದ ಕೂಡಲೇ ತೆರೆಯುತ್ತವೆ. ಅಲ್ಲಿ ಬ್ಯಾಂಕ್ ಅಷ್ಟು ಬೇಗ ಉತ್ತರಿಸುತ್ತದೆಯೇ?

ಅಲ್ಲಿ ಬ್ಯಾಂಕಿನ ಉತ್ತರಕ್ಕೆ ಕಾಯುವುದೇ ಇಲ್ಲ. ಜನ ಸಾಲುಗಟ್ಟಿ ನಿಂತಿರುವಾಗ ಒಬ್ಬೊಬ್ಬರಿಗೂ ಎರಡು ಸೆಕೆಂಡ್ ಕಾಯಲು ಸಾಧ್ಯವಿಲ್ಲದ್ದರಿಂದ, ಇಂಥ ಗೇಟುಗಳು ಕ್ರಿಪ್ಟೋಗ್ರಾಮ್ ಅಲ್ಲದೆ ಫೋನ್ ಪ್ರತ್ಯೇಕವಾಗಿ ಕೊಟ್ಟ ಡಿಜಿಟಲ್ ಸಹಿಯನ್ನು ತಮ್ಮಲ್ಲಿರುವ ಸಾರ್ವಜನಿಕ ಕೀಲಿಯಿಂದ ಸ್ಥಳದಲ್ಲೇ ಪರೀಕ್ಷಿಸಿ, ಕಾರ್ಡ್ ಅಸಲಿಯೆಂದು ಖಚಿತವಾದರೆ ಹಾಗೂ ಅದು ತಡೆಪಟ್ಟಿಯಲ್ಲಿ ಇಲ್ಲದಿದ್ದರೆ ಬಿಡುತ್ತವೆ. ಬ್ಯಾಂಕಿನ ಅನುಮೋದನೆಯನ್ನು ನಂತರ ಕೇಳಲಾಗುತ್ತದೆ. ಆಗ ಬ್ಯಾಂಕ್ ನಿರಾಕರಿಸಿದರೆ ಆ ಕಾರ್ಡ್ ತಡೆಪಟ್ಟಿಗೆ ಸೇರುತ್ತದೆ, ಬಾಕಿ ತೀರುವವರೆಗೆ ಮುಂದಿನ ಬಾರಿ ಗೇಟು ತೆರೆಯುವುದಿಲ್ಲ. ಆ ಒಂದು ಪ್ರಯಾಣದ ಹಣ ಬರದೇ ಹೋಗಬಹುದಾದ ಅಪಾಯವನ್ನು ಸಾರಿಗೆ ವ್ಯವಸ್ಥೆ ಮತ್ತು ಬ್ಯಾಂಕುಗಳು ತಮ್ಮ ನಡುವಿನ ನಿಯಮಗಳಂತೆ ಹೊರುತ್ತವೆ.